‘ಸಂಸ್ಕಾರ’ ಮತ್ತೆ ಓದಿದೆ: ಆ ಹೆಣ ಸುಟ್ಟವರು ನಮಗೆ ಯಾಕೆ ನೆನಪಿರುವುದಿಲ್ಲ?

ನವನಗರದ ಮಾಸ್ತರ, ಬಾಗಲಕೋಟೆ

ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಎಷ್ಟು ಸಲ ಪಾಠ ಮಾಡಿದೆನೋ ಲೆಕ್ಕ ಇಟ್ಟಿಲ್ಲ. ಹಳೆ ಊರು ಹಿನ್ನೀರಿಗೆ ಹೋದಾಗ ನವನಗರಕ್ಕೆ ತಂದ ಟ್ರಂಕಿನಲ್ಲಿ ನನ್ನ ಹಳೆ ಪ್ರತಿ ಇತ್ತು. ಅದನ್ನು ಕಳೆದ ವಾರ ತೆಗೆದು, ನೋಟ್ಸ್ ಪಕ್ಕಕ್ಕಿಟ್ಟು, ಸುಮ್ನೆ ಓದುಗನಾಗಿ ಓದಿದೆ. ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಎರಡನ್ನೂ ಬರೆಯುತ್ತೇನೆ.

ಮೊದಲು ಕಥೆ. ಮಲೆನಾಡಿನ ದೂರ್ವಾಸಪುರ ಒಂದು ಸಣ್ಣ ಅಗ್ರಹಾರ. ಅಲ್ಲಿ ಪ್ರಾಣೇಶಾಚಾರ್ಯರು ದೊಡ್ಡ ಪಂಡಿತರು. ಕಾಶಿಯಲ್ಲಿ ಓದಿ ಬಂದವರು. ಹೆಂಡತಿ ಭಾಗೀರಥಿ ಹಾಸಿಗೆ ಹಿಡಿದ ರೋಗಿ. ಅವಳಿಗೆ ದಿನವೂ ಸ್ನಾನ ಮಾಡಿಸಿ, ಉಣ್ಣಿಸಿ, ಆಮೇಲೆ ತಾವು ಊಟಕ್ಕೆ ಕೂರುವವರು. ಒಂದು ದಿನ ಅವರು ಇನ್ನೇನು ಊಟಕ್ಕೆ ಕೂರಬೇಕು, ಚಂದ್ರಿ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ನಾರಣಪ್ಪ ಸತ್ತ ಸುದ್ದಿ ತಂದಿದ್ದಾಳೆ. ಶಿವಮೊಗ್ಗಕ್ಕೆ ಹೋಗಿ ಬಂದವನಿಗೆ ಜ್ವರ ಬಂದಿತ್ತು, ಮೈಮೇಲೆ ಗಡ್ಡೆ ಎದ್ದಿತ್ತು.

ಈ ನಾರಣಪ್ಪ ಕುಡಿದವನು, ಮಾಂಸ ತಿಂದವನು, ಸಾಲಿಗ್ರಾಮವನ್ನು ಹೊಳೆಗೆ ಎಸೆದವನು. ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಚಂದ್ರಿಯನ್ನು ಮನೆಗೆ ತಂದವನು. ಆದರೆ ಅಗ್ರಹಾರದವರು ಅವನನ್ನು ಜಾತಿಯಿಂದ ಹೊರಗೆ ಹಾಕಿರಲಿಲ್ಲ. ಹಾಕಿದರೆ ಮುಸಲ್ಮಾನನಾಗುತ್ತೇನೆ ಅಂತ ಹೆದರಿಸಿದ್ದ. ಹಾಗಾಗಿ ಸತ್ತಾಗಲೂ ಅವನು ಬ್ರಾಹ್ಮಣನೇ. ಮಕ್ಕಳಿಲ್ಲ. ಹಾಗಾದರೆ ಬೆಂಕಿ ಕೊಡುವವರು ಯಾರು? ಹೆಣ ಎತ್ತುವವರೆಗೂ ಯಾರೂ ಉಣ್ಣುವ ಹಾಗಿಲ್ಲ, ಪೂಜೆ ಮಾಡುವ ಹಾಗಿಲ್ಲ.

ಒಂದು ವರ್ಷ ಇಷ್ಟು ಹೇಳಿದ ಕೂಡಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಸರ್, ಊರಾಗ ಒಬ್ಬರೂ ಮಣ್ಣಿಗೆ ಬರ್ಲಿಲ್ಲೇನ್ರಿ?” ನಮ್ಮ ಕಡೆ ಹೆಚ್ಚು ಜನ ಹೂಳುವವರು. ಬೆಂಕಿ ಕೊಡುವ ಹಕ್ಕು ಯಾರದು ಅನ್ನೋ ಶಾಸ್ತ್ರ ಅವನಿಗೆ ಗೊತ್ತಿರಲಿಲ್ಲ. ಆದರೆ ಹೆಣ ಇರುವಾಗ ಓಣಿಯಲ್ಲಿ ಒಲೆ ಹಚ್ಚುವುದಿಲ್ಲ ಅನ್ನೋದು ಗೊತ್ತಿತ್ತು. ಅಗ್ರಹಾರದವರ ಹಸಿವು ಅವನಿಗೆ ಬೇಗ ತಿಳಿಯಿತು.

ಚಂದ್ರಿ ತನ್ನ ಮೈಮೇಲಿನ ಒಡವೆಗಳನ್ನು ಬಿಚ್ಚಿ ಆಚಾರ್ಯರ ಮುಂದೆ ಇಡುತ್ತಾಳೆ. ಖರ್ಚಿಗೆ ಇರಲಿ ಅಂತ. ಅಲ್ಲಿಂದ ಕಥೆಯ ದಿಕ್ಕು ಬದಲಾಗುತ್ತದೆ. ಒಂದು ಗಳಿಗೆ ಹಿಂದೆ “ನಮಗೆ ಬೇಡ” ಅಂದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಮನೆಗಳಲ್ಲಿ ಈಗ ಬೇರೆಯೇ ಲೆಕ್ಕ ಶುರುವಾಗುತ್ತದೆ. ಗಂಡಸರ ಕಣ್ಣೂ ಚಿನ್ನದ ಮೇಲೆ, ಹೆಂಗಸರ ಕಣ್ಣೂ ಚಿನ್ನದ ಮೇಲೆ. ಇದನ್ನು ಅನಂತಮೂರ್ತಿ ಎಷ್ಟು ಕಡಿಮೆ ಮಾತಿನಲ್ಲಿ ತೋರಿಸುತ್ತಾರೆ ಅಂದರೆ, ಈ ಸಲವೂ ಓದಿ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ.

ಆಚಾರ್ಯರು ತಾಳೆಗರಿಗಳಲ್ಲಿ ಉತ್ತರ ಹುಡುಕುತ್ತಾರೆ. ಸಿಗುವುದಿಲ್ಲ. ಹೊಳೆಯಾಚೆಯ ಮಾರುತಿ ಗುಡಿಗೆ ಹೋಗಿ, ಬಲಗಡೆಯ ಹೂ ಬೀಳಲಿ ಅಂತ ಕಾಯುತ್ತಾರೆ. ಬೀಳುವುದಿಲ್ಲ. ಸೋತು ಕತ್ತಲಲ್ಲಿ ಮರಳುವಾಗ ಕಾಡಿನಲ್ಲಿ ಚಂದ್ರಿ ಸಿಗುತ್ತಾಳೆ. ಅಲ್ಲಿ ಇಬ್ಬರೂ ಕೂಡಿದ್ದು ಓದದವರಿಗೂ ಗೊತ್ತು. ಎಲ್ಲರೂ ಅದನ್ನೇ ಹೇಳುತ್ತಾರೆ.

ಯಾರೂ ಹೇಳದ ಸಂಗತಿ ಅದರ ನಂತರದ್ದು. ಚಂದ್ರಿ ಮನೆಗೆ ಹೋಗುತ್ತಾಳೆ. ಹೆಣ ನಾರುತ್ತಿದೆ. ಮೊದಲು ಗಾಡಿಯವನೊಬ್ಬನನ್ನು ಕೇಳುತ್ತಾಳೆ, ಬ್ರಾಹ್ಮಣನ ಹೆಣ ಅಂತ ಅವನು ಹೆದರಿ ಒಪ್ಪುವುದಿಲ್ಲ. ಆಮೇಲೆ ಮೀನು ಮಾರುವ ಅಹಮದ್ ಬ್ಯಾರಿಯ ಹತ್ತಿರ ಓಡುತ್ತಾಳೆ. ನಾರಣಪ್ಪ ಅವನಿಗೆ ಕಷ್ಟಕಾಲದಲ್ಲಿ ನೆರವಾದವನು. ಬ್ಯಾರಿ ಗಾಡಿ ಹೂಡುತ್ತಾನೆ, ಹೆಣ ಹೇರಿಕೊಳ್ಳುತ್ತಾನೆ, ಕಟ್ಟಿಗೆ ಒಟ್ಟಿ ರಾತ್ರೋರಾತ್ರಿ ಸುಟ್ಟು ಹೋಗುತ್ತಾನೆ. ಚಂದ್ರಿ ಅತ್ತು, ತನ್ನ ಗಂಟು ಕಟ್ಟಿಕೊಂಡು ಕುಂದಾಪುರದ ದಾರಿ ಹಿಡಿಯುತ್ತಾಳೆ. ಅಗ್ರಹಾರದವರಿಗೆ ಇದೇನೂ ಗೊತ್ತಾಗುವುದಿಲ್ಲ. ಹೆಣ ಇನ್ನೂ ಒಳಗೇ ಇದೆ ಅಂದುಕೊಂಡು ಅವರು ಊರೂರು ತಿರುಗಿ ಶಾಸ್ತ್ರ ಕೇಳುತ್ತಲೇ ಇರುತ್ತಾರೆ.

ಅಂದರೆ ಕಾದಂಬರಿಯ ಮೊದಲ ಪುಟಗಳಲ್ಲಿ ಎದ್ದ ಪ್ರಶ್ನೆಗೆ ನಡುವಲ್ಲೇ ಉತ್ತರ ಸಿಕ್ಕಿಬಿಡುತ್ತದೆ. ಕೊಟ್ಟವರು ಯಾರು? ಆ ಪ್ರಶ್ನೆಯನ್ನು ಯಾರೂ ಕೇಳದೇ ಇದ್ದ ಇಬ್ಬರು. ನಾನು ಪಾಠ ಮಾಡುವಾಗ ಈ ಭಾಗವನ್ನು ಎರಡು ನಿಮಿಷದಲ್ಲಿ ದಾಟಿಬಿಡುತ್ತಿದ್ದೆ. ಪಂಡಿತರ ಒಳತೋಟಿಗೆ ಎರಡು ವಾರ ಕೊಡುತ್ತಿದ್ದೆ. ಅದು ತಪ್ಪು ಅಂತ ಈಗ ಅನಿಸುತ್ತದೆ.

ಇನ್ನು ನನ್ನ ತಕರಾರು. ಮೂರನೇ ಭಾಗದಲ್ಲಿ ಆಚಾರ್ಯರು ಊರು ಬಿಟ್ಟು ನಡೆಯುತ್ತಾರೆ, ಪುಟ್ಟ ಅನ್ನೋ ಮಾತುಗಾರ ಬೆನ್ನು ಬೀಳುತ್ತಾನೆ, ಇಬ್ಬರೂ ಮೇಳಿಗೆಯ ತೇರಿಗೆ ಹೋಗುತ್ತಾರೆ. ಅಲ್ಲಿ ನಡೆಯುವುದನ್ನು ಓದುವವರಿಗೆ ಬಿಟ್ಟಿದ್ದೇನೆ. ಆದರೆ ಅಲ್ಲಿ ಆಚಾರ್ಯರ ಯೋಚನೆ ತಿರುಗಿದಲ್ಲೇ ತಿರುಗುತ್ತದೆ. ಮೊದಲ ಎರಡು ಭಾಗಗಳ ಬಿಗಿ ಅಲ್ಲಿಲ್ಲ. ಅದಕ್ಕಿಂತ ದೊಡ್ಡ ತಕರಾರು ಚಂದ್ರಿಯದು. ಇಡೀ ಅಗ್ರಹಾರ ಮಾಡಲಾಗದ ಕೆಲಸ ಮಾಡಿದವಳನ್ನು ಲೇಖಕರು ದಾರಿಯಲ್ಲೇ ಬಿಟ್ಟುಬಿಡುತ್ತಾರೆ. ಆಮೇಲೆ ಅವಳು ಆಚಾರ್ಯರ ನೆನಪಿನಲ್ಲಿ ಮಾತ್ರ ಬರುತ್ತಾಳೆ, ಅದೂ ಒಂದು ದೇಹವಾಗಿ. ಭಾಗೀರಥಿಗೂ ಹಾಗೆಯೇ. ಅವಳ ಮನಸ್ಸಿನಲ್ಲಿ ಏನಿತ್ತು ಅಂತ ನಮಗೆ ಒಂದು ಪುಟವೂ ಸಿಗುವುದಿಲ್ಲ.

ನೀವೇನು ಹೇಳುತ್ತೀರಿ?

ಮುದ್ದೇಬಿಹಾಳದ ಓದುಗ

ಸರ್, ಬರಹ ಚೆನ್ನಾಗಿದೆ, ಆದರೆ ಕಥೆ ಜಾಸ್ತಿ ಹೇಳಿಬಿಟ್ಟಿರಿ. ನಾನು ಅರ್ಧದಲ್ಲಿದ್ದೆ, ಬ್ಯಾರಿಯ ಗಾಡಿ ನನಗೆ ಇನ್ನೂ ಬಂದಿರಲಿಲ್ಲ. ಇನ್ನೊಂದು ಮಾತು. ಹೆಣವನ್ನು ಹಾಗೇ ಕೊಳೆಯಲು ಬಿಟ್ಟಿದ್ದರಿಂದಲೇ ಊರಿಗೆಲ್ಲ ಪ್ಲೇಗ್ ಹಬ್ಬಿತು ಅಲ್ವಾ? ಅದನ್ನೇ ನೀವು ಬರೆದಿಲ್ಲ. ಬೇಗ ಸುಟ್ಟಿದ್ದರೆ ಉಳಿದವರು ಬದುಕುತ್ತಿದ್ದರು. ಕಾದಂಬರಿಯ ಪಾಠ ಅದೇ ಅಂತ ನನ್ನ ತಿಳುವಳಿಕೆ.

ನವನಗರದ ಮಾಸ್ತರ, ಬಾಗಲಕೋಟೆ

ಗಾಡಿಯ ವಿಷಯ ಮೊದಲೇ ಹೇಳಿದ್ದಕ್ಕೆ ಬೇಜಾರಾಗಿದ್ದರೆ ಕ್ಷಮಿಸಿ. ಅದನ್ನು ಬಿಟ್ಟರೆ ನನ್ನ ತಕರಾರು ಏನು ಅಂತ ಹೇಳಲು ಆಗುತ್ತಿರಲಿಲ್ಲ. ಜಾತ್ರೆಯದ್ದನ್ನು ಮಾತ್ರ ಮುಚ್ಚಿಟ್ಟಿದ್ದೇನೆ, ನೋಡಿ.

ಪ್ಲೇಗಿನ ಬಗ್ಗೆ ನೀವು ಹೇಳಿದ್ದು ಅಗ್ರಹಾರದವರು ನಂಬಿದ್ದು. ಲೇಖಕರು ಇಟ್ಟ ಗುರುತುಗಳು ಬೇರೆ ಕಡೆ ಇವೆ. ನಾರಣಪ್ಪ ರೋಗ ಹಿಡಿಸಿಕೊಂಡೇ ಶಿವಮೊಗ್ಗದಿಂದ ಬಂದವನು. ಆಮೇಲೆ ಇಲಿಗಳು ಹೊರಗೆ ಬಂದು, ಗಿರಗಿರ ಸುತ್ತಿ ಬಿದ್ದು ಸಾಯುತ್ತವೆ. ಆ ಇಲಿಗಳಿಗಾಗಿ ರಣಹದ್ದುಗಳು ಮನೆಗಳ ಮಾಡಿನ ಮೇಲೆ ಬಂದು ಕೂರುತ್ತವೆ. ಬ್ರಾಹ್ಮಣರು ಜಾಗಟೆ ಬಡಿದು, ಶಂಖ ಊದಿ ಅವನ್ನು ಓಡಿಸುತ್ತಾರೆ. ಸತ್ತ ಇಲಿಯ ಮೈಮೇಲಿನ ಚಿಗಟ ಮನುಷ್ಯರನ್ನು ಕಚ್ಚಿದರೆ ಪ್ಲೇಗ್ ಬರುತ್ತದೆ. ಹೆಣವನ್ನು ಮೊದಲ ದಿನವೇ ಸುಟ್ಟಿದ್ದರೂ ಇಲಿಗಳು ಬೀಳುತ್ತಲೇ ಇದ್ದವು. ಅವರು ಹದ್ದನ್ನು ಅಪಶಕುನ ಅಂತ ನೋಡಿದರು, ಕಾಲ ಕೆಳಗಿನ ಇಲಿಯನ್ನು ನೋಡಲಿಲ್ಲ. ರೋಗದ ಹೆಸರು ಗೊತ್ತಾಗುವುದೂ ತಡವಾಗಿ. ಆದ್ದರಿಂದ “ಬೇಗ ಸುಟ್ಟಿದ್ದರೆ” ಅನ್ನೋದನ್ನು ಕಾದಂಬರಿಯ ಪಾಠ ಅಂತ ನಾನು ಒಪ್ಪುವುದಿಲ್ಲ.

ಟಿಳಕವಾಡಿ ವಾಚಕ, ಬೆಳಗಾವಿ

ನಮ್ಮ ಬೆಳಗಾವಿಗೂ ಈ ಪುಸ್ತಕಕ್ಕೂ ನಂಟಿದೆ, ಯಾರೂ ಹೇಳುತ್ತಿಲ್ಲ. ಎ.ಕೆ. ರಾಮಾನುಜನ್ ಇಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗಲೇ ‘ಸಂಸ್ಕಾರ’ವನ್ನು ಇಂಗ್ಲಿಷಿಗೆ ಅನುವಾದ ಮಾಡಿದ್ದು. ಅದರಿಂದಲೇ ಅದು ಜಗತ್ತಿಗೆ ಗೊತ್ತಾಯಿತು.

ಗೋಕಾಕದ ಅಕ್ಕ

ಅರ್ಧ ಸರಿ ಇದೆ ರೀ. ರಾಮಾನುಜನ್ ಬೆಳಗಾವಿಯಲ್ಲಿ ಪಾಠ ಮಾಡಿದ್ದು ನಿಜ, ಆದರೆ ಅದು 1950ರ ದಶಕದಲ್ಲಿ. ಕಾದಂಬರಿ ಬಂದದ್ದೇ 1965ರಲ್ಲಿ. ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದದ್ದು 1976ರಲ್ಲಿ. ಅಷ್ಟೊತ್ತಿಗೆ ಅವರು ಎಷ್ಟೋ ವರ್ಷಗಳಿಂದ ಶಿಕಾಗೋದಲ್ಲಿದ್ದರು. ನಮ್ಮ ಭಾಗದಲ್ಲಿ ಅವರು ಮಾಡಿದ ಕೆಲಸ ಬೇರೆ: ಇಲ್ಲಿನ ಜನಪದ ಕಥೆಗಳನ್ನು ಕೇಳಿ ಬರೆದುಕೊಂಡದ್ದು. ಅದೂ ಕಡಿಮೆ ಹೆಮ್ಮೆಯದಲ್ಲ.

ಕಾದಂಬರಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಬರೆದದ್ದು. ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಿದ್ದು ಒಂದು ಪ್ರೇರಣೆ ಅಂತ ಅವರೇ ಹೇಳಿಕೊಂಡಿದ್ದಾರೆ. ಆ ಸಿನಿಮಾದಲ್ಲೂ ಪ್ಲೇಗ್ ಇದೆ, ದೇವರಿಂದ ಉತ್ತರ ಬಯಸಿ ಪಡೆಯದವನೊಬ್ಬ ಇದ್ದಾನೆ. ಮಾರುತಿ ಗುಡಿಯ ಹೂವನ್ನು ನೆನಪಿಸಿಕೊಳ್ಳಿ.

ಮಾಸ್ತರೇ, ಮೂರನೇ ಭಾಗದ ಬಗ್ಗೆ ನಿಮ್ಮ ಮಾತು ನಾನು ಒಪ್ಪಲ್ಲ. ಆಚಾರ್ಯರ ಯೋಚನೆ ತಿರುಗಿದಲ್ಲೇ ತಿರುಗುತ್ತದೆ ಅಂದಿರಿ. ಬೇರೆ ಹೇಗೆ ತಿರುಗಬೇಕು? ಇಲ್ಲಿಯವರೆಗೆ ಅವರನ್ನು ನೋಡಿದವರೆಲ್ಲ ಕೈ ಮುಗಿದವರು. ಮೊದಲ ಸಲ ಗುರುತಿಲ್ಲದ ಜನರ ನಡುವೆ ನಡೆಯುತ್ತಿದ್ದಾರೆ. ಒಂದು ಲೋಟ ಕಾಫಿ ಕುಡಿಯಲೋ ಬೇಡವೋ ಅನ್ನೋದು ಅವರಿಗೆ ಬೆಟ್ಟದಷ್ಟು ದೊಡ್ಡದು. ಪುಟ್ಟ ಹೇಳುವ ಒಗಟುಗಳು, ಕೋಳಿ ಅಂಕದ ರಕ್ತ, ಸುತ್ತ ನಿಂತವರ ಕಣ್ಣು, ಎಲ್ಲ ಒಮ್ಮೆಲೇ ಮೈಮೇಲೆ ಬೀಳುತ್ತದೆ. ಬಿಗಿ ಸಡಿಲವಾಗಲೇಬೇಕು, ಯಾಕಂದರೆ ಆ ಮನುಷ್ಯನೇ ಸಡಿಲವಾಗಿದ್ದಾನೆ.

ಚಂದ್ರಿಯ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಇದ್ದೇನೆ. ಬೆಳ್ಳಿಯನ್ನೂ ಸೇರಿಸಿ. ದಲಿತ ಕೇರಿಯ ಆ ಹುಡುಗಿಯನ್ನು ನಾವು ನೋಡುವುದು ಹೆಚ್ಚಾಗಿ ಅಗ್ರಹಾರದ ಹುಡುಗ ಶ್ರೀಪತಿಯ ಕಣ್ಣಿನಿಂದ. ಅವಳು ನಮ್ಮ ಕೇರಿಯಲ್ಲಿ ಜನ ಸಾಯುತ್ತಿದ್ದಾರೆ ಅಂದರೆ, ಅವನಿಗೆ ಅದು ಕಿವಿಗೆ ಬೀಳುವುದಿಲ್ಲ. ಅವನಿಗೆ ಬೇಕಾದದ್ದು ಮಾತಲ್ಲ. ಅಲ್ಲಿ ಗುಡಿಸಲಿನ ಸಮೇತ ಹೆಣಗಳನ್ನು ಸುಟ್ಟುಬಿಡುತ್ತಾರೆ. ಅಗ್ರಹಾರದ ಒಂದು ಹೆಣಕ್ಕೆ ಇಷ್ಟು ಪುಟ, ಆ ಹೆಣಗಳಿಗೆ ಕೆಲವೇ ಸಾಲು.

ತಿಕೋಟಾ ಹುಡುಗಿ

ಸರ್ ನಮಸ್ಕಾರ. ನಾನು ಬಿಎ ಓದುತ್ತಿದ್ದೇನೆ. ಪ್ರಾಣೇಶಾಚಾರ್ಯರ ಪಾತ್ರ ಚಿತ್ರಣ ಹತ್ತು ಅಂಕಕ್ಕೆ ಬರುತ್ತದೆ ಅಂತ ಹೇಳುತ್ತಿದ್ದಾರೆ. ನೀವು ಬರೆದದ್ದನ್ನೇ ಬರೆದರೆ ಸಾಕಾ? ತಕರಾರು ಬರೆದರೆ ಅಂಕ ಕಡಿಮೆ ಆಗುತ್ತದಾ?

ನವನಗರದ ಮಾಸ್ತರ, ಬಾಗಲಕೋಟೆ

ತಂಗೀ, ನಾನು ಬರೆದದ್ದು ಪರೀಕ್ಷೆಯ ಉತ್ತರ ಅಲ್ಲ, ಹಾಗೇ ಇಳಿಸಬೇಡ. ಮೂರು ಜಾಗ ನೀನೇ ಓದು. ಮೊದಲ ಪುಟದಲ್ಲಿ ಹೆಂಡತಿಗೆ ಸ್ನಾನ ಮಾಡಿಸುವುದು, ನಡುವೆ ಗುಡಿಯಲ್ಲಿ ಹೂವಿಗಾಗಿ ಕಾಯುವುದು, ಕೊನೆಗೆ ಜಾತ್ರೆಯ ಊಟದ ಪಂಕ್ತಿಯಲ್ಲಿ ಕೂರುವುದು. ಹೆಂಡತಿಯ ಸೇವೆಯನ್ನು ಅವರು ತಮ್ಮ ಪುಣ್ಯದ ಲೆಕ್ಕಕ್ಕೆ ಹಾಕಿಕೊಂಡಿದ್ದರಾ ಅಂತ ಕೇಳಿಕೋ. ಅದೇ ಮನುಷ್ಯ ಪಂಕ್ತಿಯಲ್ಲಿ ಕೂತಾಗ ಯಾಕೆ ನಡುಗುತ್ತಾರೆ ಅಂತ ಬರೆ. ತಕರಾರು ಇದ್ದರೆ ಅದು ಪುಸ್ತಕದ ಯಾವ ಸಾಲಿನಿಂದ ಬಂತು ಅಂತ ತೋರಿಸು. ಹಾಗೆ ತೋರಿಸಿದ ಉತ್ತರಕ್ಕೆ ನಾನು ಅಂಕ ಕಡಿಮೆ ಕೊಟ್ಟದ್ದಿಲ್ಲ.

ಬಾದಾಮಿಯ ಅಂಗಡಿಯವನು

ನಾನು ಸಾಹಿತ್ಯದವನಲ್ಲ. ಬಳೆ, ಸ್ಟೇಷನರಿ ವ್ಯಾಪಾರ. ‘ಸಂಸ್ಕಾರ’ ಸಿನಿಮಾ ನೋಡಿ ಆಮೇಲೆ ಪುಸ್ತಕ ಓದಿದವನು. ಗಿರೀಶ ಕಾರ್ನಾಡರು ಆಚಾರ್ಯರಾಗಿ, ಲಂಕೇಶರು ನಾರಣಪ್ಪನಾಗಿ ಮಾಡಿದ್ದಾರೆ. ಮೊದಲು ಸೆನ್ಸಾರಿನವರು ತಡೆದಿದ್ದ ಆ ಸಿನಿಮಾಕ್ಕೇ ಆಮೇಲೆ ರಾಷ್ಟ್ರಪ್ರಶಸ್ತಿ ಬಂತು. ಆದರೆ ನಾನು ಹೇಳಬೇಕಾದದ್ದು ಮೂರನೇ ಭಾಗದ ಬಗ್ಗೆ.

ನಮ್ಮ ತಂದೆ ತೀರಿದ್ದು ಬನಶಂಕರಿ ಜಾತ್ರೆಯ ಹೊತ್ತಿನಲ್ಲಿ. ಜಾತ್ರೆಯಲ್ಲಿ ಅಂಗಡಿ ಹಾಕಿ ಆಗಿತ್ತು, ಸಾಲ ತಂದು ಮಾಲು ತುಂಬಿದ್ದೆವು. ಏಳನೇ ದಿನ ಅಣ್ಣ ಮನೆಯಲ್ಲಿ ಉಳಿದ, ನಾನು ಅಂಗಡಿಗೆ ಹೋದೆ. ಹೋಗದೇ ಇದ್ದರೆ ನಡೆಯುತ್ತಿರಲಿಲ್ಲ. ಸಂಜೆ ಹಸಿವಾಗಿ ಪಕ್ಕದ ಗಾಡಿಯಲ್ಲಿ ಎರಡು ಮಿರ್ಚಿ ತೆಗೆದುಕೊಂಡೆ. ಕಾಗದ ಕೈಯಲ್ಲಿ ಬಿಸಿ ಇತ್ತು. ಬಾಯಿಗೆ ಇಟ್ಟ ಕೂಡಲೇ ಎದುರಿಗೆ ಬರುವ ಪ್ರತಿಯೊಬ್ಬರೂ ನಮ್ಮ ಓಣಿಯವರ ಹಾಗೆ ಕಂಡರು. ಹೊರಗಡೆ ನಾಟಕ ಕಂಪನಿಯವರ ಮೈಕು ಕೂಗುತ್ತಿತ್ತು, ನನಗೆ ನನ್ನ ಹೆಸರೇ ಕೂಗಿದ ಹಾಗೆ ಕೇಳಿಸಿತು. ಯಾರೂ ಏನೂ ಅನ್ನಲಿಲ್ಲ. ಯಾರೂ ನೋಡಿರಲೂ ಇಲ್ಲ. ಆದರೂ ಆ ರಾತ್ರಿಯೆಲ್ಲ ತಲೆಯಲ್ಲಿ ಅದೇ ಮಾತು: ಅಣ್ಣನಿಗೆ ಹೇಳಲೋ ಬೇಡವೋ, ಅವನಿಗೆ ಮೊದಲೇ ಗೊತ್ತಾಗಿದೆಯೋ ಏನೋ.

ವರ್ಷಗಳ ಮೇಲೆ ಪುಸ್ತಕದಲ್ಲಿ ಆಚಾರ್ಯರು ಹೆಂಡತಿಯ ಸೂತಕದಲ್ಲೇ ಪಂಕ್ತಿಗೆ ಕೂತದ್ದು ಓದಿ, ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಮಾಸ್ತರೇ, ನೀವು ಸಡಿಲ ಅಂದ ಪುಟಗಳಲ್ಲಿ ನನಗೆ ಒಂದು ಮಾತೂ ಜಾಸ್ತಿ ಅನಿಸಲಿಲ್ಲ. ಅಣ್ಣನಿಗೆ ನಾನು ಇವತ್ತಿಗೂ ಹೇಳಿಲ್ಲ.

ನವನಗರದ ಮಾಸ್ತರ, ಬಾಗಲಕೋಟೆ

ನಿಮ್ಮ ಮಾತು ಓದಿ ಎದ್ದು ಹೋಗಿ ಮತ್ತೆ ಆ ಪುಟಗಳನ್ನು ತೆರೆದೆ. ಪಂಕ್ತಿಯ ಭಾಗದಲ್ಲಿ ನಾನು ಆತುರ ಪಟ್ಟೆ ಅಂತ ಒಪ್ಪುತ್ತೇನೆ. ಯೋಚನೆ ತಿರುಗಿದಲ್ಲೇ ತಿರುಗುವುದು ಆ ಗಳಿಗೆಯ ಸ್ವಭಾವ. ನೀವು ಮಿರ್ಚಿಯ ಕಾಗದ ಹಿಡಿದು ನಿಂತದ್ದು ನನ್ನ ಕಣ್ಣ ಮುಂದೆ ಇದೆ.

ಆದರೆ ಅದಕ್ಕೆ ಮೊದಲು, ಕಾಡಿನ ದಾರಿಯಲ್ಲಿ ಅವರು ಒಬ್ಬರೇ ನಡೆಯುವಾಗಿನ ಪುಟಗಳಿವೆ. ಅಲ್ಲಿ ಆಚಾರ್ಯರು ಮಾತನಾಡುವುದು ಇಂಗ್ಲಿಷ್ ತತ್ವಶಾಸ್ತ್ರ ಓದಿದ ಮೇಷ್ಟ್ರ ಹಾಗೆ. ನಾನು ಆಯ್ಕೆ ಮಾಡಿದೆನಾ, ಅದು ತಾನಾಗಿ ಆಯಿತಾ, ಆಗಿದ್ದಕ್ಕೆ ಹೊಣೆ ಯಾರು ಅಂತ. ಪ್ರಶ್ನೆ ದೊಡ್ಡದೇ. ಆದರೆ ಕಾಶಿಯಲ್ಲಿ ಓದಿದ ಮಾಧ್ವ ಪಂಡಿತರಿಗೆ ಈ ಪ್ರಶ್ನೆ ಅವರದೇ ಮಾತಿನಲ್ಲಿ ಬರಬೇಕಿತ್ತು. ಕರ್ಮ, ಪ್ರಾರಬ್ಧ, ಹರಿಚಿತ್ತ ಅಂತ ಅವರ ಬಾಯಲ್ಲಿ ಮಾತುಗಳಿಗೆ ಬರವಿಲ್ಲ. ಅಲ್ಲಿ ನನಗೆ ಕೇಳಿಸಿದ್ದು ಲೇಖಕರ ದನಿ. ಗೋಕಾಕದ ಅಕ್ಕನವರೇ, ಇದನ್ನು ನಾನು ಬಿಟ್ಟುಕೊಡುವುದಿಲ್ಲ.

ಗೋಕಾಕದ ಅಕ್ಕ

ಬಿಟ್ಟುಕೊಡಬೇಡಿ, ಆದರೆ ಒಂದು ಮಾತು ಯೋಚಿಸಿ. ತಮ್ಮ ಹಳೆ ಮಾತುಗಳು ಉಪಯೋಗಕ್ಕೆ ಬಾರದೇ ಹೋದವು ಅನ್ನೋದೇ ಅವರ ಸಂಕಟ ಅಲ್ವಾ? ತಾಳೆಗರಿ ಉತ್ತರ ಕೊಡಲಿಲ್ಲ. ಹರಿಚಿತ್ತ ಅಂದುಬಿಟ್ಟರೆ ತಪ್ಪಿಸಿಕೊಂಡ ಹಾಗೆ ಅಂತ ಅವರಿಗೇ ಅನಿಸಿದೆ. ಆಗ ಹೊಸ ಮಾತು ಎಲ್ಲಿಂದಲೋ ಬರುತ್ತದೆ. ಅದು ಲೇಖಕರ ದನಿಯೇ ಇರಬಹುದು. ನನಗೆ ಅದು ಹೊರಗಿನದು ಅನಿಸಿಲ್ಲ.

ಕೊನೆಯ ಬಗ್ಗೆ ನೀವು ಏನೂ ಬರೆಯಲಿಲ್ಲ. ಆಚಾರ್ಯರು ಗಾಡಿ ಹತ್ತಿ ಊರ ಕಡೆ ಹೊರಡುತ್ತಾರೆ, ಅಲ್ಲಿಗೆ ನಿಲ್ಲುತ್ತದೆ. ಊರಿಗೆ ಹೋಗಿ ಚಂದ್ರಿಯ ವಿಷಯ ಹೇಳಿದರಾ ಇಲ್ಲವಾ?

ನವನಗರದ ಮಾಸ್ತರ, ಬಾಗಲಕೋಟೆ

ಹೇಳುತ್ತಾರೆ ಅಂತಲೇ ನಾನು ಪಾಠ ಮಾಡುತ್ತಿದ್ದೆ. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ. ಅವರು ಹೋಗುತ್ತಿರುವುದು ಹೆಣ ಕಾದಿದೆ ಅಂತ ಅಂದುಕೊಂಡು. ಅಲ್ಲಿ ಹೆಣವೇ ಇಲ್ಲ. ತಾವು ಹೇಳಬೇಕು ಅಂತ ಹೊತ್ತು ತಂದ ಮಾತನ್ನು ಆ ಖಾಲಿ ಮನೆಯ ಮುಂದೆ ನಿಂತು ಹೇಗೆ ಹೇಳುತ್ತಾರೆ? ಈ ಸಲ ಓದುವಾಗ ಗಾಡಿಯ ಜೊತೆ ನನಗೆ ಇನ್ನೊಂದು ಗಾಡಿಯೂ ಕಾಣುತ್ತಿತ್ತು, ಬ್ಯಾರಿಯದು.

ಇಂಡಿಯವಳು

ತಡವಾಗಿ ಬರೆಯುತ್ತಿದ್ದೇನೆ. ಮಾಸ್ತರರ ಬರಹ ನೋಡಿ ಪುಸ್ತಕ ತಂದು ರಾತ್ರಿ ಅವ್ವನಿಗೆ ಓದಿ ಹೇಳುತ್ತಿದ್ದೇನೆ. ಅವ್ವನಿಗೆ ಕಣ್ಣು ಮಂಜು, ಶಾಲೆಯೂ ಇಲ್ಲ. ಇಲಿ ಬೀಳುವ ಭಾಗ ಬಂದಾಗ ಅವ್ವ ತಾನೇ ಮುಂದಿನದನ್ನು ಹೇಳಿದಳು. ಅವಳ ಅಜ್ಜಿ ಹೇಳುತ್ತಿದ್ದಳಂತೆ, ಇಲಿ ಬಿದ್ದವು ಅಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು, ಜೋಳದ ಚೀಲ, ದನ, ಮಕ್ಕಳು ಎಲ್ಲ ಅಲ್ಲೇ ಅಂತ. “ಇವರು ಯಾಕೆ ಹೊಲಕ್ಕೆ ಹೋಗಲಿಲ್ಲ?” ಅಂತ ಅವ್ವ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ನಿನ್ನೆ ಚಂದ್ರಿ ಗಂಟು ಕಟ್ಟಿಕೊಂಡು ಹೋಗುವಲ್ಲಿಗೆ ನಿಲ್ಲಿಸಿ ದೀಪ ಆರಿಸಿದೆ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅವ್ವ ಮೊದಲು ಕೇಳಿದ್ದು ಆಚಾರ್ಯರ ಬಗ್ಗೆ ಅಲ್ಲ. “ಆ ಹುಡುಗಿ ಕುಂದಾಪುರ ಮುಟ್ಟಿದಳಾ?” ಅಂತ. ಸರ್, ಮುಂದೆ ಎಲ್ಲಾದರೂ ಬರುತ್ತದಾ? ಅವ್ವನಿಗೆ ಏನು ಹೇಳಲಿ?

ನವನಗರದ ಮಾಸ್ತರ, ಬಾಗಲಕೋಟೆ

ಬರುವುದಿಲ್ಲ ತಾಯಿ. ಪುಸ್ತಕ ಅದನ್ನು ಹೇಳುವುದಿಲ್ಲ ಅಂತಲೇ ಅವ್ವನಿಗೆ ಹೇಳಿ. ಅವರು ಏನಂದರು ಅಂತ ಇಲ್ಲಿ ಬರೆಯಿರಿ.